ಕತ್ತಿನ ದೊಡ್ಡ ರಕ್ತನಾಳ ಮುಚ್ಚಿದರೂ ಲಕ್ವ ಹೊಡೆಯಲಿಲ್ಲ, ಏಕೆ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಅಪ್ಪನಿಗೆ 66 ವರ್ಷ, ಮಾವಿನ ತೋಟ ನೋಡಿಕೊಳ್ಳುತ್ತಾರೆ. ಬಿಪಿ, ಶುಗರ್ ಇದೆ, ಬೀಡಿ ಬಿಟ್ಟು ಎರಡು ವರ್ಷವಾಯಿತು. ತಲೆಸುತ್ತು ಅಂತ ತೋರಿಸಲು ಹೋದಾಗ ಕತ್ತಿನ ಡಾಪ್ಲರ್ ಮಾಡಿ, ಬಲಗಡೆ ಕೆರೋಟಿಡ್ 100% ಬ್ಲಾಕ್, ಎಡಗಡೆ 40% ಅಂದರು. ಆದರೂ ಚೆನ್ನಾಗಿ ಓಡಾಡಿಕೊಂಡಿದ್ದಾರೆ. ಹೋದ ವರ್ಷ ನಮ್ಮ ಚಿಕ್ಕಪ್ಪನಿಗೆ ತಲೆಯೊಳಗೆ ಎಡಗಡೆ ಒಂದು ಸಣ್ಣ ಕವಲು ಮುಚ್ಚಿದ್ದಕ್ಕೇ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ದೊಡ್ಡದು ಮುಚ್ಚಿದವರಿಗೆ ಏನೂ ಇಲ್ಲ, ಚಿಕ್ಕದು ಮುಚ್ಚಿದವರಿಗೆ ಇಷ್ಟೆಲ್ಲ, ಇದು ಹೇಗೆ? ಅಪ್ಪನ ಬ್ಲಾಕ್ ತೆಗೆಸಬೇಕಾ? ಇನ್ನೊಂದು ವಿಷಯ, ಬೆಳಗ್ಗೆ ಎದ್ದು ನಿಂತಾಗ ಕೆಲವು ಸಲ ಅವರ ಎಡಗೈ ಅರ್ಧ ನಿಮಿಷ ಅದುರುತ್ತದೆ. ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದಾರೆ.

ಉತ್ತರ: ಆ ಕೊನೆಯ ವಿಷಯವನ್ನು ನೀವು ಮೊದಲೇ ಬರೆಯಬೇಕಿತ್ತು. ಕೈ ಅದುರುವುದು ವಯಸ್ಸಿನದ್ದಲ್ಲ ಎಂದೇ ಹಿಡಿದು ನಡೆಯಿರಿ. ಈ ವಾರದೊಳಗೆ ಅವರನ್ನು ನರರೋಗ ತಜ್ಞರಿಗೆ ತೋರಿಸಿ, ಈ ಮಾತನ್ನು ನೀವೇ ಬಾಯಿಬಿಟ್ಟು ಹೇಳಿ. ಅವರಾಗಿ ಹೇಳುವವರಂತೆ ಕಾಣುವುದಿಲ್ಲ. ಏಕೆ ಎಂಬುದು ತಿಳಿಯಬೇಕಾದರೆ ಮೆದುಳಿನ ಬುಡದಲ್ಲಿರುವ ಒಂದು ಉಂಗುರವನ್ನು ಅರ್ಥ ಮಾಡಿಕೊಳ್ಳಬೇಕು. ನಿಮ್ಮ ಉಳಿದ ಎರಡು ಪ್ರಶ್ನೆಗಳ ಉತ್ತರವೂ ಅದರಲ್ಲೇ ಇದೆ.

ಮೊದಲಿಗೆ ಒಂದು ಮಾತು. ನಮ್ಮ ಕಡೆ ರಕ್ತನಾಳಕ್ಕೂ ನರ ಅನ್ನುತ್ತಾರೆ, ನರಕ್ಕೂ ನರ ಅನ್ನುತ್ತಾರೆ. ‘ತಲೆಯ ನರ ಬ್ಲಾಕ್ ಆಗಿದೆ’ ಎಂದಾಗ ಮುಚ್ಚಿರುವುದು ರಕ್ತ ಹರಿಯುವ ಕೊಳವೆ, ನರವಲ್ಲ. ಆ ಕೊಳವೆಯಿಂದ ಕುಡಿಯುತ್ತಿದ್ದ ಮೆದುಳಿನ ಭಾಗ ಒಣಗಿದಾಗ ಕೈಕಾಲು ಬೀಳುತ್ತದೆ. ಆದ್ದರಿಂದ ಯಾವುದೇ ಬ್ಲಾಕ್ ಬಗ್ಗೆ ಕೇಳಬೇಕಾದದ್ದು ಕೊಳವೆ ಎಷ್ಟು ದಪ್ಪ ಎಂದಲ್ಲ, ಅದರ ಮುಂದಿನ ಜಾಗಕ್ಕೆ ಬೇರೆ ದಾರಿಯಿಂದ ರಕ್ತ ಬರುತ್ತದೆಯೇ ಎಂದು.

ಮೆದುಳಿಗೆ ನಾಲ್ಕು ಕೊಳವೆಗಳು ರಕ್ತ ತರುತ್ತವೆ. ಕತ್ತಿನ ಮುಂಭಾಗದಲ್ಲಿ, ಗಂಟಲಿನ ಎರಡೂ ಪಕ್ಕ ಬೆರಳಿಟ್ಟರೆ ಬಡಿತ ಸಿಗುತ್ತದಲ್ಲ, ಅದು ಕೆರೋಟಿಡ್. ದವಡೆಯ ಕೆಳಗೆ ಅದು ಎರಡಾಗಿ ಒಡೆದು, ಹೊರ ಕವಲು ಮುಖಕ್ಕೂ ನೆತ್ತಿಯ ಚರ್ಮಕ್ಕೂ ಹೋಗುತ್ತದೆ, ಒಳ ಕವಲು ತಲೆಬುರುಡೆಯೊಳಗೆ ಹೋಗುತ್ತದೆ. ಹಿಂಭಾಗದಲ್ಲಿ ಕತ್ತಿನ ಮೂಳೆಗಳ ತೂತುಗಳ ಮೂಲಕ ಏರಿ ಬರುವ ಎರಡು ಸಣ್ಣ ಕೊಳವೆಗಳು ವರ್ಟಿಬ್ರಲ್. ಇವೆರಡೂ ಬುರುಡೆಯೊಳಗೆ ಸೇರಿ ಬೆಸಿಲಾರ್ ಎಂಬ ಒಂದೇ ಕೊಳವೆಯಾಗುತ್ತವೆ. ನಾಲ್ಕೂ ಸೇರಿ ನಿಮಿಷಕ್ಕೆ ಸುಮಾರು 700ರಿಂದ 750 ಮಿಲಿ ರಕ್ತ ತಲುಪಿಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಎರಡು ಕೆರೋಟಿಡ್‌ಗಳದ್ದು.

ಈ ಕೊಳವೆಗಳು ನೇರವಾಗಿ ಮೆದುಳಿಗೆ ಹೋಗಿ ಮುಗಿದುಬಿಡುವುದಿಲ್ಲ. ಮೆದುಳಿನ ಬುಡದಲ್ಲಿ ಒಂದಕ್ಕೊಂದು ಸೇರಿ ಉಂಗುರವಾಗುತ್ತವೆ. ನಿಮ್ಮ ತೋಟದ ಡ್ರಿಪ್ ನೆನೆಸಿಕೊಳ್ಳಿ. ನಡುವೆ ಒಂದು ರಿಂಗ್ ಪೈಪ್ ಹಾಕಿ, ಅದಕ್ಕೆ ಮೂರು ಕಡೆಯಿಂದ ಬೋರ್‌ವೆಲ್ ನೀರು ಕೊಟ್ಟು, ರಿಂಗಿನಿಂದ ಹೊರಕ್ಕೆ ಸಾಲುಸಾಲಿಗೆ ಲ್ಯಾಟರಲ್ ಎಳೆದಿದ್ದೀರಿ ಎನ್ನಿ. ಒಂದು ಬೋರ್ ಬತ್ತಿದರೂ ಉಳಿದವುಗಳ ನೀರು ರಿಂಗಿನಲ್ಲಿ ಸುತ್ತಿ ಆ ಬದಿಯ ಗಿಡಗಳಿಗೂ ಹೋಗುತ್ತದೆ. ಆದರೆ ಒಂದು ಲ್ಯಾಟರಲ್ ಕಟ್ಟಿಕೊಂಡರೆ, ಬೋರ್‌ಗಳಲ್ಲಿ ಎಷ್ಟೇ ನೀರಿದ್ದರೂ ಆ ಸಾಲಿನ ಗಿಡ ಬಾಡುತ್ತದೆ. ನಿಮ್ಮ ತಂದೆಯವರಿಗೆ ಬತ್ತಿರುವುದು ಬೋರ್. ಚಿಕ್ಕಪ್ಪನವರಿಗೆ ಕಟ್ಟಿಕೊಂಡದ್ದು ಲ್ಯಾಟರಲ್.

ಉಂಗುರ ಹೇಗೆ ಕೂಡಿಕೊಂಡಿದೆ ಎಂದು ಸ್ವಲ್ಪ ನೋಡೋಣ. ಪ್ರತಿ ಬದಿಯ ಒಳ ಕೆರೋಟಿಡ್ ಮೇಲೆ ಬಂದು ಎರಡಾಗುತ್ತದೆ. ದಪ್ಪ ಕವಲು ಪಕ್ಕಕ್ಕೆ ಹೋಗುತ್ತದೆ, ಅದು ಮೆದುಳಿನ ಮಧ್ಯದ ಅಪಧಮನಿ, ವರದಿಗಳಲ್ಲಿ ಎಂಸಿಎ. ತೆಳು ಕವಲು ಮುಂದಕ್ಕೆ ಹೋಗುತ್ತದೆ, ಅದು ಮುಂಭಾಗದ್ದು, ಎಸಿಎ. ಎಡ ಬಲದ ಎಸಿಎಗಳ ನಡುವೆ ಕೆಲವೇ ಮಿಲಿಮೀಟರ್ ಉದ್ದದ ಒಂದು ಸೇತುವೆ ಇದೆ. ಹಿಂದೆ ಬೆಸಿಲಾರ್ ಎರಡಾಗಿ ಒಡೆದು ಹಿಂಭಾಗದ ಅಪಧಮನಿಗಳು, ಅಂದರೆ ಪಿಸಿಎಗಳು ಹುಟ್ಟುತ್ತವೆ. ಪ್ರತಿ ಬದಿಯಲ್ಲೂ ಕೆರೋಟಿಡ್ ಮತ್ತು ಪಿಸಿಎ ನಡುವೆ ಇನ್ನೊಂದು ಸೇತುವೆ. ಹೀಗೆ ಮುಂದೆ ಒಂದು, ಹಿಂದೆ ಎರಡು, ಒಟ್ಟು ಮೂರು ಸೇತುವೆಗಳು ಉಂಗುರವನ್ನು ಪೂರ್ತಿ ಮಾಡುತ್ತವೆ. ಇದಕ್ಕೆ ವಿಲ್ಲಿಸ್ ವೃತ್ತ ಎಂದು ಹೆಸರು. ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯ 1664ರಲ್ಲಿ ಇದರ ಕೆಲಸವನ್ನು ವಿವರಿಸಿದ. ಆಗ ಅವನು ಬರೆದ ಒಂದು ಶವಪರೀಕ್ಷೆ ನಿಮ್ಮ ತಂದೆಯವರ ವರದಿಯಂತೆಯೇ ಇದೆ. ಆ ಮನುಷ್ಯನ ಬಲ ಕೆರೋಟಿಡ್ ಕಲ್ಲಿನಂತಾಗಿ ಬಹುತೇಕ ಮುಚ್ಚಿಹೋಗಿತ್ತು. ಅವನು ಸತ್ತದ್ದು ಬೇರೆ ಕಾಯಿಲೆಯಿಂದ, ಲಕ್ವದಿಂದಲ್ಲ. ಅದೇ ಬದಿಯ ವರ್ಟಿಬ್ರಲ್ ಇನ್ನೊಂದರ ಮೂರರಷ್ಟು ದಪ್ಪವಾಗಿತ್ತು.

ಡ್ರಿಪ್ ಹೋಲಿಕೆ ಇಲ್ಲಿ ಸೋಲುತ್ತದೆ. ಪ್ಲಾಸ್ಟಿಕ್ ಪೈಪು ಬೇಕೆಂದಾಗ ಅಗಲವಾಗುವುದಿಲ್ಲ, ರಕ್ತನಾಳ ಆಗುತ್ತದೆ, ಸಮಯ ಕೊಟ್ಟರೆ. ಕೊಬ್ಬು ಕಟ್ಟಿ ಹತ್ತು ಹದಿನೈದು ವರ್ಷ ನಿಧಾನವಾಗಿ ಸಣ್ಣಗಾದ ಕೆರೋಟಿಡ್ ಕೊನೆಗೊಂದು ದಿನ ಮುಚ್ಚುವಷ್ಟರಲ್ಲಿ ಸೇತುವೆಗಳು ಹಿಗ್ಗಿ ಸಿದ್ಧವಾಗಿರುತ್ತವೆ. ಅದೇ ಕೆರೋಟಿಡ್ ಅಪಘಾತದಲ್ಲಿ ಹರಿದೋ, ಹೃದಯದಿಂದ ಬಂದ ಹೆಪ್ಪು ಸಿಕ್ಕಿಕೊಂಡೋ ಒಂದು ಗಂಟೆಯಲ್ಲಿ ಮುಚ್ಚಿದ್ದರೆ ಅರ್ಧ ಮೆದುಳೇ ಹೋಗಬಹುದಿತ್ತು. ಕೆರೋಟಿಡ್ ಬ್ಲಾಕ್ ಎಂದರೆ ಹೆದರಬೇಕಾಗಿಲ್ಲ ಎಂದು ಯಾರೂ ಇದರಿಂದ ತಿಳಿಯಬಾರದು.

ಈಗ ನಿಮ್ಮ ತಂದೆಯವರ ಬಲ ಮೆದುಳಿಗೆ ರಕ್ತ ಯಾವ ದಾರಿಯಿಂದ ಬರುತ್ತಿರಬಹುದು ಎಂದು ಒಂದೊಂದಾಗಿ ನಡೆದು ನೋಡೋಣ. ಮುಖ್ಯ ದಾರಿ ಎಡಗಡೆಯದ್ದು. ಎಡ ಕೆರೋಟಿಡ್‌ನಿಂದ ಎಡ ಎಸಿಎ, ಅಲ್ಲಿಂದ ಮುಂದಿನ ಸೇತುವೆ ದಾಟಿ, ಬಲ ಎಸಿಎಯ ಬುಡದ ತುಂಡಿನಲ್ಲಿ ಹಿಮ್ಮುಖವಾಗಿ ಹರಿದು ಬಲ ಎಂಸಿಎಗೆ. ಎರಡನೆಯದು ಹಿಂದಿನಿಂದ: ಬೆಸಿಲಾರ್, ಬಲ ಪಿಸಿಎ, ಅಲ್ಲಿಂದ ಬಲ ಪಕ್ಕದ ಸೇತುವೆ ಹಿಡಿದು ಮುಂದಕ್ಕೆ. ಮೂರನೆಯದು ಹೊರಗಿನ ಬಳಸುದಾರಿ. ಮುಖದ ಚರ್ಮದ ಸಣ್ಣ ರಕ್ತನಾಳಗಳಿಂದ ಕಣ್ಣಿನ ಗುಳಿಯೊಳಕ್ಕೆ, ಕಣ್ಣಿನ ಅಪಧಮನಿಯಲ್ಲಿ ಹಿಮ್ಮುಖವಾಗಿ ಹರಿದು ಬುರುಡೆಯೊಳಗೆ. ಉಂಗುರದ ದಾರಿಗಳು ಚೆನ್ನಾಗಿದ್ದವರಿಗೆ ಈ ಮೂರನೆಯದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಆದ್ದರಿಂದಲೇ ಡಾಪ್ಲರಿನಲ್ಲಿ ಕಣ್ಣಿನ ಅಪಧಮನಿ ಹಿಮ್ಮುಖವಾಗಿ ಹರಿಯುತ್ತಿದೆ ಎಂದು ಬಂದರೆ, ಒಳಗಿನ ಸೇತುವೆಗಳು ಸಾಲುತ್ತಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ.

ಪುಸ್ತಕದ ಚಿತ್ರದಲ್ಲಿ ಉಂಗುರ ಅಚ್ಚುಕಟ್ಟಾಗಿರುತ್ತದೆ. ಮನುಷ್ಯರಲ್ಲಿ ಹಾಗಿರುವುದು ಅರ್ಧಕ್ಕಿಂತ ಕಡಿಮೆ ಜನರಿಗೆ. ಯಾವುದೋ ಒಂದು ಸೇತುವೆ ದಾರದಷ್ಟು ತೆಳ್ಳಗಿರುತ್ತದೆ ಅಥವಾ ಇರುವುದೇ ಇಲ್ಲ. ಹಿಂದಿನ ಪಕ್ಕದ ಸೇತುವೆಗಳಲ್ಲಿ ಇದು ತೀರ ಸಾಮಾನ್ಯ. ಇದು ಕಾಯಿಲೆಯಲ್ಲ, ಹುಟ್ಟಿನಿಂದ ಬಂದ ರಚನೆ. ಆರೋಗ್ಯವಾಗಿರುವವರೆಗೆ ಗೊತ್ತಾಗುವುದೂ ಇಲ್ಲ. ಕೆಲವರಿಗೆ ಪಿಸಿಎಯೇ ಬೆಸಿಲಾರ್ ಬದಲು ಕೆರೋಟಿಡ್‌ನಿಂದ ಹುಟ್ಟುತ್ತದೆ. ಅಂಥವರ ಕೆರೋಟಿಡ್ ಮುಚ್ಚಿದರೆ ಹಿಂದಿನಿಂದ ನೆರವು ಬರುವುದಿರಲಿ, ಹಿಂಭಾಗವೂ ಅದರ ಮೇಲೇ ನಿಂತಿರುವುದರಿಂದ ದೃಷ್ಟಿಯ ಭಾಗಕ್ಕೂ ಪೆಟ್ಟು ಬೀಳಬಹುದು. ಒಂದೇ ಊರಿನ ಇಬ್ಬರಿಗೆ ಒಂದೇ ಕಡೆ ಬ್ಲಾಕ್ ಆಗಿ, ಒಬ್ಬರು ನಡೆದುಕೊಂಡು ಬಂದು ಇನ್ನೊಬ್ಬರನ್ನು ಹೊತ್ತು ತರಬೇಕಾಗುವುದು ಹೀಗೆ. ಆದ್ದರಿಂದ ನಿಮ್ಮ ತಂದೆಯವರಿಗೆ ಕತ್ತಿನ ಡಾಪ್ಲರ್ ಒಂದೇ ಸಾಲದು. ಕತ್ತಿನಿಂದ ನೆತ್ತಿಯವರೆಗಿನ ಸಿಟಿ ಆಂಜಿಯೋಗ್ರಾಮ್ ಆಗಬೇಕು. ಶುಗರ್ ಇರುವುದರಿಂದ ಡೈ ಹಾಕುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುತ್ತಾರೆ.

ಆ ಪರೀಕ್ಷೆಗೆ ಇನ್ನೊಂದು ಕಾರಣವೂ ಇದೆ. ಡಾಪ್ಲರಿನಲ್ಲಿ 100% ಎಂದು ಕಂಡದ್ದು ಕೆಲವೊಮ್ಮೆ ಪೂರ್ತಿ ಮುಚ್ಚಿರುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಹರಿವು ಅಷ್ಟು ಸಣ್ಣದಾದಾಗ ಯಂತ್ರಕ್ಕೆ ಸಿಗುವುದಿಲ್ಲ. ಎರಡಕ್ಕೂ ಚಿಕಿತ್ಸೆಯ ಯೋಚನೆ ಬೇರೆ. ಸಂದು ಇದ್ದರೆ ಅಲ್ಲಿಂದ ಹೆಪ್ಪಿನ ಚೂರುಗಳು ಮೇಲಕ್ಕೆ ಹಾರಬಹುದು. ಪೂರ್ತಿ ಮುಚ್ಚಿದ್ದರೆ ಆ ಅಪಾಯ ಬಹಳ ಕಡಿಮೆ. ಉಳಿಯುವ ಅಪಾಯ ರಕ್ತ ಸಾಲದೆ ಹೋಗುವುದು.

ಈಗ ಕೈ ಅದುರುವ ವಿಷಯ. ಬಲ ಮೆದುಳು ಎಡ ಮೈಯನ್ನು ನಡೆಸುತ್ತದೆ. ಮುಚ್ಚಿರುವುದು ಬಲ ಕೆರೋಟಿಡ್, ಅದುರುವುದು ಎಡಗೈ. ಲೆಕ್ಕ ಸರಿಯಾಗಿ ಕೂಡುತ್ತದೆ.

ಮೆದುಳಿನ 100 ಗ್ರಾಂ ಭಾಗಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿ ರಕ್ತ ಬೇಕು. ಅದು 20ರ ಸುತ್ತಮುತ್ತ ಇಳಿದರೆ ಜೀವಕೋಶಗಳು ಸಾಯುವುದಿಲ್ಲ, ಆದರೆ ಕೆಲಸ ಕೆಡುತ್ತದೆ. 10ಕ್ಕಿಂತ ಕೆಳಗಿಳಿದರೆ ಬೇಗನೆ ಸಾಯುತ್ತವೆ. ಒತ್ತಡ ಕಡಿಮೆಯಾದಾಗ ಮೆದುಳಿನ ಸಣ್ಣ ರಕ್ತನಾಳಗಳು ತಾವೇ ಹಿಗ್ಗಿ ಹರಿವನ್ನು 50ರ ಹತ್ತಿರ ಉಳಿಸಿಕೊಳ್ಳುತ್ತವೆ. ಆರೋಗ್ಯವಂತರು ಥಟ್ಟನೆ ಎದ್ದು ನಿಂತರೂ ಏನೂ ಆಗದಿರುವುದು ಇದರಿಂದ. ನಿಮ್ಮ ತಂದೆಯವರ ಬಲಭಾಗದಲ್ಲಿ ಆ ಸಣ್ಣ ನಾಳಗಳು ಹಗಲಿರುಳೂ ಹಿಗ್ಗಿಯೇ ಇರಬಹುದು. ಇನ್ನು ಹಿಗ್ಗಲು ಜಾಗವಿಲ್ಲ. ಹೀಗಾದಾಗ ಹರಿವು ನೇರವಾಗಿ ಬಿಪಿಯ ಜೊತೆ ಏರಿಳಿಯುತ್ತದೆ. ಬೆಳಗ್ಗೆ ಮಲಗಿದ್ದವರು ಎದ್ದು ನಿಂತಾಗ ಬಿಪಿ ಒಂದು ಕ್ಷಣ ಕುಸಿಯುತ್ತದೆ. ಬಹಳ ವರ್ಷದ ಶುಗರ್ ಇದ್ದರೆ ಇನ್ನೂ ಹೆಚ್ಚು ಕುಸಿಯುತ್ತದೆ. ಆಗ ಮೊದಲು ಬಳಲುವುದು ಎಸಿಎ ಮತ್ತು ಎಂಸಿಎ ಎರಡರ ಹರಿವೂ ಮುಗಿಯುವ ಅಂಚು. ಕಾಲುವೆಯ ಕೊನೆಯ ಗದ್ದೆಗೆ ನೀರು ಮೊದಲು ನಿಲ್ಲುವ ಹಾಗೆ. ತೋಳನ್ನು ನಡೆಸುವ ಜಾಗ ಆ ಅಂಚಿಗೆ ಹತ್ತಿರ. ಅರ್ಧ ನಿಮಿಷ ಕೈ ಅದುರಿ, ಬಿಪಿ ಸುಧಾರಿಸಿದ ಕೂಡಲೇ ನಿಲ್ಲುತ್ತದೆ.

ಇದನ್ನು ಫಿಟ್ಸ್ ಎಂದು ತಿಳಿದು ಫಿಟ್ಸ್ ಮಾತ್ರೆ ಕೊಡುವುದು ಆಗಾಗ ಆಗುವ ತಪ್ಪು. ಗುರುತು ಹಿಡಿಯಲು ಮೂರು ವಿಷಯ ಗಮನಿಸಿ. ಅದು ನಿಂತಾಗ, ತುಂಬ ನಡೆದಾಗ ಅಥವಾ ಕತ್ತು ಹಿಂದಕ್ಕೆ ಬಾಗಿಸಿ ಕಾಯಿ ಕೀಳುವಂಥ ಕೆಲಸದಲ್ಲಿ ಬರುತ್ತದೆಯೇ? ಕೂತರೆ, ಮಲಗಿದರೆ ನಿಲ್ಲುತ್ತದೆಯೇ? ಮುಖ ಸೊಟ್ಟಗಾಗದೆ ಕೈ, ಕಾಲು ಮಾತ್ರ ಅದುರುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ರಕ್ತ ಸಾಲದ ಅದುರು ಎಂಬುದೇ ಹೆಚ್ಚು ಸಂಭವ. ಮುಂದಿನ ಸಲ ಬಂದಾಗ ಮೊಬೈಲಿನಲ್ಲಿ ಹತ್ತು ಸೆಕೆಂಡ್ ವಿಡಿಯೋ ಮಾಡಿಕೊಳ್ಳಿ. ವೈದ್ಯರಿಗೆ ಅದು ಮಾತಿಗಿಂತ ಹೆಚ್ಚು ಹೇಳುತ್ತದೆ.

ಮನೆಯಲ್ಲೇ ಒಂದು ಅಳತೆ ಮಾಡಿ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರದಲ್ಲಿ, ಐದು ನಿಮಿಷ ಮಲಗಿದ ಮೇಲೆ ಬಿಪಿ ನೋಡಿ, ಎದ್ದು ನಿಂತು ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಮಲಗಿದ್ದಾಗ 142, ನಿಂತ ಮೇಲೆ 112 ಬಂದರೆ, ‘142 ಇದೆ, ಇನ್ನೊಂದು ಬಿಪಿ ಮಾತ್ರೆ ಸೇರಿಸೋಣ’ ಎನ್ನುವವರಿಗೆ ಆ 112 ತೋರಿಸಲೇಬೇಕು. ಇಂಥವರಲ್ಲಿ ಬಿಪಿಯನ್ನು ಅವಸರದಲ್ಲಿ ಇಳಿಸುವುದು ಲಕ್ವಕ್ಕೆ ಕಾರಣವಾಗಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಪ್ರಮಾಣ, ತೆಗೆದುಕೊಳ್ಳುವ ಹೊತ್ತು, ಯಾವ ಬಗೆಯ ಮಾತ್ರೆ ಎಂಬುದನ್ನು ವೈದ್ಯರು ಬದಲಿಸುತ್ತಾರೆ. ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಒಂದು ಲೋಟ ನೀರು ಕುಡಿದು ಎದ್ದರೆ ಎಷ್ಟೋ ಸಲ ಅದುರು ಕಡಿಮೆಯಾಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಮಾವಿನ ಕೊಯ್ಲಿಗೆ ನಿಂತು ಬೆವರಿ ನೀರು ಕುಡಿಯದಿರುವುದು, ಭೇದಿಯಾದಾಗ ಸುಮ್ಮನಿರುವುದು ಇವರಿಗೆ ಬೇರೆಯವರಿಗಿಂತ ಹೆಚ್ಚು ಅಪಾಯ. ಮುಂದೆ ಹರ್ನಿಯಾ, ಕಣ್ಣು, ಹಲ್ಲು ಯಾವುದೇ ಆಪರೇಷನ್ ಬಂದರೂ, ಬಲ ಕೆರೋಟಿಡ್ ಮುಚ್ಚಿದೆ ಎಂದು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಬ್ಲಾಕ್ ತೆಗೆಸುವ ಮಾತಿಗೆ ಬರೋಣ. ನಿಜವಾಗಿ 100% ಮುಚ್ಚಿ ಹಳೆಯದಾಗಿದ್ದರೆ ಸಾಮಾನ್ಯವಾಗಿ ತೆಗೆಯುವುದಿಲ್ಲ, ಸ್ಟೆಂಟೂ ಹಾಕುವುದಿಲ್ಲ. ಒಳಗೆ ಹೆಪ್ಪು ಗಟ್ಟಿಯಾಗಿ ಬುರುಡೆಯವರೆಗೂ ತುಂಬಿರುತ್ತದೆ. ಕೆದಕಿದರೆ ಚೂರುಗಳು ಮೇಲೆ ಹೋಗಿ, ಇಲ್ಲದ ಲಕ್ವವನ್ನು ತರಬಹುದು. ಕತ್ತು ಕೊಯ್ದು ಕೊಬ್ಬು ತೆಗೆಯುವ ಆಪರೇಷನ್ನಿನ ಲಾಭ ಹೆಚ್ಚು ಸ್ಪಷ್ಟವಾಗಿ ಕಂಡಿರುವುದು 70ರಿಂದ 99% ಸಣ್ಣಗಾಗಿ, ಅದೇ ಬದಿಯಿಂದ ಲಕ್ಷಣ ಬಂದವರಲ್ಲಿ. ನೆತ್ತಿಯ ರಕ್ತನಾಳವನ್ನು ಬುರುಡೆ ಕೊರೆದು ಒಳಗಿನ ಎಂಸಿಎ ಕವಲಿಗೆ ಹೊಲಿಯುವ ಬೈಪಾಸ್ ಕೂಡ ಇದೆ. ಕೇಳಲು ಇದೇ ಸರಿಯಾದ ಪರಿಹಾರ ಅನ್ನಿಸುತ್ತದೆ. ಆದರೆ 1985ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲೂ, ರಕ್ತ ಸಾಲದವರನ್ನೇ ಆರಿಸಿ ಮಾಡಿ 2011ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲೂ, ಔಷಧಿಯಲ್ಲಿದ್ದವರಿಗಿಂತ ಆಪರೇಷನ್ ಆದವರಿಗೆ ಲಕ್ವ ಕಡಿಮೆಯಾಗಲಿಲ್ಲ. ಹಾಗಾಗಿ ಔಷಧಿ, ಬಿಪಿ ಎಲ್ಲ ಸರಿಪಡಿಸಿದ ಮೇಲೂ ಅದುರು ಮತ್ತೆ ಮತ್ತೆ ಬರುವ ಕೆಲವೇ ಕೆಲವರಿಗೆ ಮಾತ್ರ ಇದನ್ನು ಯೋಚಿಸುತ್ತಾರೆ. ಬಹುಪಾಲು ಜನರಿಗೆ ಚಿಕಿತ್ಸೆ ಎಂದರೆ ಆಸ್ಪಿರಿನ್ ಥರದ ಹೆಪ್ಪು ತಡೆಯುವ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ಶುಗರ್ ಹತೋಟಿ, ಮತ್ತು ಬೀಡಿ ಮತ್ತೆ ಹಚ್ಚದಿರುವುದು.

ಎಡಗಡೆಯ 40%ಗೆ ಈಗ ಆಪರೇಷನ್ ಬೇಕಿಲ್ಲ. ಆದರೆ ಅದನ್ನು ಬೇರೆಯವರ 40%ನಂತೆ ನೋಡಬಾರದು. ಅದು ಈಗ ಎರಡು ಬದಿಗೂ ರಕ್ತ ಕೊಡುತ್ತಿರುವ ಬೋರ್. ವರ್ಷಕ್ಕೊಮ್ಮೆ ಡಾಪ್ಲರ್ ಮಾಡಿಸಿ. ಹೋಲಿಸಿ ನೋಡುವಾಗ ಒಂದು ತೊಡಕು ಬರುತ್ತದೆ: ಹೆಚ್ಚು ರಕ್ತ ಹರಿಯುತ್ತಿರುವುದರಿಂದ ವೇಗವೂ ಹೆಚ್ಚಿರುತ್ತದೆ, ವೇಗ ನೋಡಿ ಲೆಕ್ಕ ಹಾಕುವ ಡಾಪ್ಲರ್ 40%ನ್ನು 60% ಎಂದು ತೋರಿಸಬಹುದು. ಮುಂದಿನ ವರದಿಯಲ್ಲಿ ಅಂಕಿ ಏರಿದರೆ ಗಾಬರಿಯಾಗುವ ಮೊದಲು ಸಿಟಿ ಆಂಜಿಯೋದಲ್ಲಿ ಅಳತೆ ಮಾಡಿಸಿ.

ಚಿಕ್ಕಪ್ಪನವರ ವಿಷಯ ಉಂಗುರದ ಆಚೆಯದ್ದು. ಅಲ್ಲಿ ನಿಯಮವೇ ಬೇರೆ.

ಎಂಸಿಎ ಉಂಗುರದಿಂದ ಹೊರಟ ಮೇಲೆ ಅದಕ್ಕೆ ಸೇತುವೆಗಳಿಲ್ಲ. ಮೆದುಳಿನ ಮೇಲ್ಮೈಯಲ್ಲಿ ಪಕ್ಕದ ಎಸಿಎ, ಪಿಸಿಎ ಕವಲುಗಳ ತುದಿಗೂ ಇದರ ತುದಿಗೂ ಕೂದಲಿನಂಥ ಕೂಡುದಾರಿಗಳಿವೆ, ಅಷ್ಟೇ. ಅವು ಕೆಲವರಲ್ಲಿ ಒಳ್ಳೆಯವಾಗಿರುತ್ತವೆ, ಕೆಲವರಲ್ಲಿ ಲೆಕ್ಕಕ್ಕೇ ಇಲ್ಲ. ಎಂಸಿಎಯ ಬುಡವೇ ಮುಚ್ಚಿದರೆ ಎದುರು ಬದಿಯ ಮುಖ, ಕೈ, ಕಾಲು ಮೂರೂ ಬೀಳುತ್ತವೆ, ಆ ಬದಿಯ ನೋಟ ಕಾಣದಾಗುತ್ತದೆ, ಕಣ್ಣುಗಳೆರಡೂ ಪೆಟ್ಟಾದ ಮೆದುಳಿನ ಕಡೆಗೆ ವಾಲಿ ನಿಲ್ಲುತ್ತವೆ. ಎಡದ್ದಾದರೆ ಮಾತು ಹೋಗುತ್ತದೆ. ಬಲದ್ದಾದರೆ ಮಾತು ಉಳಿಯುತ್ತದೆ, ಆದರೆ ರೋಗಿಗೆ ತನ್ನ ಎಡಗೈ ಬಿದ್ದಿದೆ ಎಂಬುದೇ ಗೊತ್ತಾಗದಿರಬಹುದು. ‘ನನಗೇನಾಗಿದೆ, ಸುಮ್ಮನಿರಿ’ ಎನ್ನುತ್ತಾರೆ. ಅವರ ಮಾತು ನಂಬಿ ಮನೆಯವರು ಹೊತ್ತು ಕಳೆಯುತ್ತಾರೆ.

ಬುಡದಿಂದ ಮುಂದೆ ಎಂಸಿಎ ಸಾಮಾನ್ಯವಾಗಿ ಮೇಲಿನದು, ಕೆಳಗಿನದು ಎಂದು ಎರಡಾಗುತ್ತದೆ. ನೀವು ಬರೆದದ್ದನ್ನು ನೋಡಿದರೆ ಚಿಕ್ಕಪ್ಪನವರದ್ದು ಎಡ ಎಂಸಿಎಯ ಮೇಲಿನ ಕವಲು ಇರಬೇಕು. ಮಾತಾಡಿಸುವ ಕೇಂದ್ರವೂ ಮುಖ, ಕೈಗಳನ್ನು ನಡೆಸುವ ಪಟ್ಟಿಯೂ ಅದರ ಪಾಲಿಗೆ ಬರುತ್ತವೆ. ಕಾಲಿನ ಜಾಗ ಮೆದುಳಿನ ಒಳಮಗ್ಗುಲಿನಲ್ಲಿ ಎಸಿಎ ಪಾಲಿಗಿದೆ, ಆದ್ದರಿಂದ ಕಾಲು ಬಹುಪಾಲು ಉಳಿಯುತ್ತದೆ. ಇಂಥವರು ನಡೆಯುತ್ತಾರೆ, ಕೈ ಎತ್ತಲಾರರು. ಹೇಳಿದ್ದು ತಿಳಿಯುತ್ತದೆ, ಉತ್ತರ ಬಾಯಿಗೆ ಬರುವುದಿಲ್ಲ. ಕೆಳಗಿನ ಕವಲು ಮುಚ್ಚಿದ್ದರೆ ಇದರ ತಿರುಗುಮುರುಗು. ಕೈಕಾಲಿನಲ್ಲಿ ಶಕ್ತಿ ಇರುತ್ತದೆ, ಮಾತು ಸರಾಗವಾಗಿ ಬರುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ, ನಾವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಲಕ್ವ ಎಂದು ಯಾರಿಗೂ ಹೊಳೆಯುವುದಿಲ್ಲ. ತಲೆ ಕೆಟ್ಟಿದೆ, ಗಾಳಿ ಹಿಡಿದಿದೆ ಎಂದು ತಾಯತ ಕಟ್ಟಿಸಲು ಕರೆದೊಯ್ದು, ಹೆಪ್ಪು ಕರಗಿಸುವ ಸೂಜಿ ಕೊಡುವ ಹೊತ್ತು ಮೀರಿಸುತ್ತಾರೆ. ನಿನ್ನೆಯವರೆಗೆ ಸರಿಯಿದ್ದ ಹಿರಿಯರು ಒಂದೇ ಗಳಿಗೆಯಲ್ಲಿ ಅಸಂಬದ್ಧ ಮಾತಾಡತೊಡಗಿದರೆ ಮೊದಲು ಸಿಟಿ ಸ್ಕ್ಯಾನ್.

ಎಂಸಿಎಯ ಬುಡದಿಂದ ಮೇಲಕ್ಕೆ, ಮೆದುಳಿನ ಒಳಕ್ಕೆ ಚುಚ್ಚಿಕೊಂಡು ಹೋಗುವ ಎಳೆಗಳಿವೆ. ಅರ್ಧ ಮಿಲಿಮೀಟರ್ ಆಸುಪಾಸಿನವು. ಬಿಪಿ, ಶುಗರ್ ವರ್ಷಗಟ್ಟಲೆ ಹತೋಟಿಯಲ್ಲಿಲ್ಲದವರಲ್ಲಿ ಇವುಗಳ ಗೋಡೆ ದಪ್ಪವಾಗಿ ಮುಚ್ಚುತ್ತವೆ. ಒಣಗುವ ಜಾಗ ಕಡಲೆಕಾಳಿನಷ್ಟು. ಆದರೆ ಮುಖ, ಕೈ, ಕಾಲಿಗೆ ಇಳಿಯುವ ತಂತುಗಳೆಲ್ಲ ಅಲ್ಲಿ ಕಟ್ಟು ಕಟ್ಟಿದಂತೆ ಒತ್ತಾಗಿ ಹೋಗುವುದರಿಂದ ಮೂರೂ ಸಮನಾಗಿ ಬೀಳುತ್ತವೆ. ಮಾತಿನ ಪದಗಳು ಉಳಿಯುತ್ತವೆ, ಉಚ್ಚಾರ ತೊದಲಬಹುದು. ರಕ್ತನಾಳದ ಗಾತ್ರಕ್ಕೂ ನಷ್ಟಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉಂಗುರದ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಇರುವ ವ್ಯತ್ಯಾಸ ಒಂದೇ ರಕ್ತನಾಳದಲ್ಲಿ ಕಾಣುವುದು ಎಸಿಎಯಲ್ಲಿ. ಮುಂದಿನ ಸೇತುವೆಗಿಂತ ಮೊದಲು ಮುಚ್ಚಿದರೆ, ಇನ್ನೊಂದು ಬದಿಯ ಎಸಿಎ ಸೇತುವೆಯ ಮೂಲಕ ಅದರ ಮುಂದಿನ ಭಾಗವನ್ನು ತುಂಬುತ್ತದೆ. ಎಷ್ಟೋ ಸಲ ರೋಗಿಗೆ ಗೊತ್ತೂ ಆಗುವುದಿಲ್ಲ. ಸೇತುವೆ ದಾಟಿದ ಮೇಲೆ ಮುಚ್ಚಿದರೆ ಎದುರು ಬದಿಯ ಕಾಲು ಬೀಳುತ್ತದೆ, ಕೈ ಅಷ್ಟಾಗಿ ಅಲ್ಲ. ಮೂತ್ರದ ಹಿಡಿತ ತಪ್ಪುತ್ತದೆ. ಕೆಲವರು ಮಂಕಾಗಿ, ಕೇಳಿದ್ದಕ್ಕೆ ತಡವಾಗಿ ಒಂದು ಪದ ಹೇಳಿ ಸುಮ್ಮನಾಗುತ್ತಾರೆ. ನಡುವೆ ಇರುವ ಅಂತರ ಕೆಲವೇ ಮಿಲಿಮೀಟರ್.

ಹಿಂಭಾಗದ ಪಿಸಿಎ ಮುಚ್ಚಿದರೆ ಕೈಕಾಲು ಚೆನ್ನಾಗಿಯೇ ಇದ್ದು, ಎರಡೂ ಕಣ್ಣುಗಳ ಒಂದೇ ಬದಿಯ ಅರ್ಧ ನೋಟ ಹೋಗುತ್ತದೆ. ಬೈಕ್ ಓಡಿಸುವಾಗ ಒಂದೇ ಪಕ್ಕಕ್ಕೆ ಗುದ್ದುವುದು, ತಟ್ಟೆಯ ಒಂದು ಬದಿಯ ಅನ್ನ ಬಿಡುವುದು ಕಂಡರೆ ಕನ್ನಡಕ ಬದಲಿಸಲು ಹೋಗಬೇಡಿ. ಎಡ ಪಿಸಿಎಯಲ್ಲಿ ಅಪರೂಪಕ್ಕೊಂದು ವಿಚಿತ್ರ ಆಗುತ್ತದೆ. ರೋಗಿ ತನ್ನ ಹೆಸರು, ಊರು ಸರಿಯಾಗಿ ಬರೆಯುತ್ತಾರೆ, ಬರೆದದ್ದನ್ನು ಅವರೇ ಓದಲಾರರು. ಕಾಣುವ ಅಕ್ಷರ ಭಾಷೆಯ ಕೇಂದ್ರಕ್ಕೆ ತಲುಪುವ ದಾರಿ ಕಡಿದಿರುತ್ತದೆ, ಬರೆಯುವ ದಾರಿ ಬೇರೆ.

ಎಲ್ಲಕ್ಕಿಂತ ಕೆಟ್ಟದ್ದು ಬೆಸಿಲಾರ್. ಅದು ಉಂಗುರಕ್ಕೆ ನೀರು ಕೊಡುವ ಬೋರ್ ಹೌದು, ಆದರೆ ಉಂಗುರ ತಲುಪುವ ಮೊದಲೇ ದಾರಿಯುದ್ದಕ್ಕೂ ಮೆದುಳಿನ ಕಾಂಡಕ್ಕೆ ಎಳೆಗಳನ್ನು ಕೊಟ್ಟುಕೊಂಡು ಬರುತ್ತದೆ. ಮೇಲಿನ ಸೇತುವೆಗಳು ಆ ಎಳೆಗಳನ್ನು ಸುಲಭವಾಗಿ ಉಳಿಸಲಾರವು. ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣುವುದು, ತೊದಲು, ನುಂಗಲಾಗದಿರುವುದು, ಎರಡೂ ಬದಿಯ ಬಲಹೀನತೆ, ಕೊನೆಗೆ ಪ್ರಜ್ಞೆ ತಪ್ಪುವುದು. ಬರೀ ತಲೆಸುತ್ತು ಹೆಚ್ಚಾಗಿ ಕಿವಿಯದ್ದು. ಅದರ ಜೊತೆ ಮೇಲಿನ ಯಾವುದಾದರೂ ಒಂದು ಸೇರಿದರೆ ತಡಮಾಡಬಾರದು.

ಚಿಕ್ಕಪ್ಪನವರ ಮನೆಯವರನ್ನು ಒಂದು ವಿಷಯ ಕೇಳಿ. ಅವರ ನಾಡಿ ಲಯ ತಪ್ಪಿ ಬಡಿಯುತ್ತದೆಯೇ, ಇಸಿಜಿ ಅಲ್ಲದೆ ಹೃದಯದ ಬಡಿತವನ್ನು 24 ಗಂಟೆ ದಾಖಲಿಸುವ ಹಾಲ್ಟರ್ ಪರೀಕ್ಷೆ ಮಾಡಿದ್ದಾರೆಯೇ? ಥಟ್ಟನೆ ಎಂಸಿಎ ಕವಲು ಮುಚ್ಚಿದ್ದು ಹೃದಯದಲ್ಲಿ ಕಟ್ಟಿದ ಹೆಪ್ಪು ಹಾರಿ ಬಂದುದರಿಂದ ಆಗಿದ್ದರೆ ಆಸ್ಪಿರಿನ್ ಸಾಲದು, ರಕ್ತ ತೆಳುಗೊಳಿಸುವ ಬೇರೆ ಮಾತ್ರೆ ಬೇಕು. ಇಲ್ಲದಿದ್ದರೆ ಇದು ಮತ್ತೆ ಆಗಬಹುದು.

ನಿಮ್ಮ ಮನೆಗೆ ಉಳಿದದ್ದು ಗಡಿಯಾರದ ಲೆಕ್ಕ. ಹೆಪ್ಪು ಕರಗಿಸುವ ಸೂಜಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ತೊಡೆಯಿಂದ ತಂತಿ ಹಾಯಿಸಿ ದೊಡ್ಡ ರಕ್ತನಾಳದ ಹೆಪ್ಪನ್ನು ಎಳೆದು ತೆಗೆಯುವುದು ಆರು ಗಂಟೆಯೊಳಗೆ. ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೆ. ಲೆಕ್ಕ ಶುರುವಾಗುವುದು ನೀವು ನೋಡಿದ ಹೊತ್ತಿನಿಂದಲ್ಲ, ಅವರು ಸರಿಯಾಗಿದ್ದುದನ್ನು ಯಾರಾದರೂ ಕೊನೆಯ ಸಲ ನೋಡಿದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿ ಬೆಳಗ್ಗೆ ಐದಕ್ಕೆ ಬಿದ್ದಿರುವುದು ಕಂಡರೆ ಏಳು ಗಂಟೆ ಕಳೆದಂತೆ. ಆದರೂ ಹೊರಡಿ, ಸ್ಕ್ಯಾನ್ ನೋಡಿ ವೈದ್ಯರು ನಿರ್ಧರಿಸಲಿ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಶ್ರೀನಿವಾಸಪುರದಿಂದ ಅದಕ್ಕೂ ದೂರ. 108ಕ್ಕೆ ಫೋನ್ ಮಾಡುವಾಗಲೇ ‘ಲಕ್ವ, ಇಷ್ಟು ಗಂಟೆಗೆ ಶುರುವಾಯಿತು’ ಎಂದು ಹೇಳಿ. ಸಿಟಿ ಸ್ಕ್ಯಾನ್ ಇರುವ, ಆ ಹೊತ್ತಿನಲ್ಲಿ ಸೂಜಿ ಕೊಡುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ತಂದೆಯವರಿಗೆ ಹೀಗಾದರೆ ದಾರಿಯಲ್ಲಿ ಅವರನ್ನು ಕೂರಿಸಬೇಡಿ, ಮಲಗಿಸಿಯೇ ಒಯ್ಯಿರಿ, ವಾಂತಿ ಬರುವಂತಿದ್ದರೆ ಒಂದು ಮಗ್ಗುಲಿಗೆ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ. ಬಿಪಿ 180 ಇದೆ ಎಂದು ಯಾರಾದರೂ ದಾರಿಯಲ್ಲೇ ನಾಲಿಗೆಯಡಿ ಮಾತ್ರೆ ಇಡಲು ಬಂದರೆ ತಡೆದು, ಬಲ ಕೆರೋಟಿಡ್ ಮುಚ್ಚಿರುವ ವರದಿಯನ್ನು ತೋರಿಸಿ. ಆ ಹೊತ್ತಿನಲ್ಲಿ ಸೇತುವೆಗಳ ಮೂಲಕ ರಕ್ತವನ್ನು ತಳ್ಳುತ್ತಿರುವುದು ಆ ಬಿಪಿಯೇ.